ಹಗುರ ಪೆಟ್ಟಿಗೆಗೆ ಭಾರದ ಬಿಲ್: ಗಾತ್ರದ ತೂಕ, ಫ್ಯೂಯೆಲ್ ಸರ್‌ಚಾರ್ಜ್ ಸೇರಿಸಿ ಕೊರಿಯರ್ ದರ ಲೆಕ್ಕ ಹಾಕುವ ಕ್ರಮ

ಪುತ್ತೂರಿನಿಂದ ದೆಹಲಿಗೆ 200 ಅಡಿಕೆ ಹಾಳೆ ತಟ್ಟೆ ಕಳಿಸಬೇಕು ಎಂದಿಟ್ಟುಕೊಳ್ಳಿ. ಹತ್ತಿಂಚಿನ ತಟ್ಟೆಗಳು, ಎರಡು ಸಾಲಾಗಿ ಒಂದೇ ಪೆಟ್ಟಿಗೆಯಲ್ಲಿ. ತಕ್ಕಡಿ ತೋರಿಸುವುದು 4.6 ಕೆ.ಜಿ. ಐದು ಕೆ.ಜಿ. ದರ ನೋಡಿ ಗಿರಾಕಿಗೆ 733 ರೂಪಾಯಿ ಸಾಗಣೆ ಎಂದು ಹೇಳಿರುತ್ತೀರಿ. ತಿಂಗಳ ಕೊನೆಯ ಬಿಲ್‌ನಲ್ಲಿ ಅದೇ ಪೆಟ್ಟಿಗೆಗೆ 1,463 ರೂಪಾಯಿ ಇರುತ್ತದೆ. ಕೊರಿಯರ್‌ನವರು ಮೋಸ ಮಾಡಿದ್ದಾರೆಂದು ಜಗಳಕ್ಕೆ ಹೋದರೆ ಸೋಲು ನಿಮ್ಮದೇ, ಏಕೆಂದರೆ ಅವರ ಲೆಕ್ಕ ಸರಿಯಿದೆ.

ಈ ಎರಡು ಮೊತ್ತಗಳ ನಡುವಿನ ದಾರಿಯನ್ನು ಹಂತ ಹಂತವಾಗಿ ನೋಡೋಣ. ಉದ್ದಕ್ಕೂ ಇದೇ ಪೆಟ್ಟಿಗೆಯನ್ನು ಹಿಡಿದು ಹೋಗುತ್ತೇವೆ. ಇಲ್ಲಿ ಬಳಸಿದ ದರಗಳು ಲೆಕ್ಕ ತೋರಿಸಲು ಹಿಡಿದ ಮಾದರಿ ದರಗಳು. ನಿಮ್ಮ ರೇಟ್ ಕಾರ್ಡ್‌ನ ಅಂಕಿಗಳನ್ನು ಅದೇ ಜಾಗದಲ್ಲಿ ಕೂರಿಸಿಕೊಳ್ಳಿ. ಹಂತಗಳ ಕ್ರಮವನ್ನು ಮಾತ್ರ ಬದಲಿಸಬೇಡಿ. ಬಹುಪಾಲು ತಪ್ಪುಗಳು ಹುಟ್ಟುವುದೇ ಕ್ರಮ ತಪ್ಪಿದಾಗ.

## ಕೈಯಲ್ಲಿ ಏನಿರಬೇಕು

ಉಕ್ಕಿನ ಅಳತೆ ಟೇಪು, ಡಿಜಿಟಲ್ ತಕ್ಕಡಿ, ಕ್ಯಾಲ್ಕುಲೇಟರ್. ಬಟ್ಟೆ ಅಂಗಡಿಯ ಮೆತ್ತನೆಯ ಟೇಪು ಬೇಡ. ಅದು ಉಬ್ಬಿದ ಮೈಗೆ ಅಂಟಿಕೊಂಡು ಬಾಗುತ್ತದೆ, ಅಳತೆ ತಪ್ಪುತ್ತದೆ.

ಇವಕ್ಕಿಂತ ಮುಖ್ಯವಾದದ್ದು ರೇಟ್ ಕಾರ್ಡ್. ಕೌಂಟರ್‌ನಲ್ಲಿ ಬಾಯಿಮಾತಿನ ದರ ಕೇಳಿಕೊಂಡು ಬರಬೇಡಿ. ಐದು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಗಾತ್ರವನ್ನು ಯಾವ ಸಂಖ್ಯೆಯಿಂದ ಭಾಗಿಸುತ್ತಾರೆ, ಸ್ಲ್ಯಾಬ್ ಅರ್ಧ ಕೆ.ಜಿ.ಯದೋ ಒಂದು ಕೆ.ಜಿ.ಯದೋ, ಮೊದಲ ಸ್ಲ್ಯಾಬ್‌ಗೂ ನಂತರದವಕ್ಕೂ ದರವೆಷ್ಟು, ಫ್ಯೂಯೆಲ್ ಸರ್‌ಚಾರ್ಜ್ ಶೇಕಡಾ ಎಷ್ಟು, ಅದು ಯಾವ ಯಾವ ಬಾಬತ್ತಿನ ಮೇಲೆ ಬೀಳುತ್ತದೆ. ಕೊನೆಯದನ್ನು ಕೇಳುವವರು ಕಡಿಮೆ. ಆರನೇ ಹಂತದಲ್ಲಿ ಅದು ಏಕೆ ಬೇಕೆಂದು ತಿಳಿಯುತ್ತದೆ.

## ಹಂತ 1: ಮೊದಲು ಪ್ಯಾಕ್ ಮಾಡಿ, ಆಮೇಲೆ ಅಳೆಯಿರಿ

ಪೆಟ್ಟಿಗೆಯ ಮೇಲೆ ಅಚ್ಚಾದ ಅಳತೆಯನ್ನು ನಂಬಬೇಡಿ. ಅದು ಸಾಮಾನ್ಯವಾಗಿ ಒಳಗಿನ ಅಳತೆ, ಅದೂ ಖಾಲಿ ಪೆಟ್ಟಿಗೆಯದು. ಕೊರಿಯರ್ ಹಬ್‌ನ ಯಂತ್ರ ನೋಡುವುದು ಹೊರಮೈಯನ್ನು, ಅದರಲ್ಲೂ ಅತಿ ಹೆಚ್ಚು ಉಬ್ಬಿದ ಜಾಗವನ್ನು.

ನಮ್ಮ ಪೆಟ್ಟಿಗೆಯ ಮೇಲೆ 55 × 29 × 27 ಸೆಂ.ಮೀ. ಎಂದು ಬರೆದಿದೆ. ತಟ್ಟೆ ತುಂಬಿ, ಮೇಲೊಂದು ಬಬಲ್ ಶೀಟ್ ತುರುಕಿ, ಮುಚ್ಚಳ ಒತ್ತಿ ಟೇಪು ಹಾಕಿದ ಮೇಲೆ ಅಳೆದರೆ 56 × 30 × 31. ಉದ್ದ, ಅಗಲ ಒಂದೊಂದು ಸೆಂ.ಮೀ. ಬೆಳೆದದ್ದು ರಟ್ಟಿನ ದಪ್ಪದಿಂದ. ಎತ್ತರ ನಾಲ್ಕು ಸೆಂ.ಮೀ. ಬೆಳೆದದ್ದು ರಟ್ಟಿನ ದಪ್ಪದ ಜೊತೆಗೆ ಮುಚ್ಚಳ ಹೊಟ್ಟೆ ಬಂದದ್ದರಿಂದ.

ಅಳೆಯುವಾಗ ಪೆಟ್ಟಿಗೆಯನ್ನು ಸಮತಟ್ಟಾದ ನೆಲದ ಮೇಲಿಟ್ಟು, ಉಬ್ಬಿದ ಭಾಗದ ಮೇಲೆ ಒಂದು ಹಲಗೆಯನ್ನೋ ದಪ್ಪ ಪುಸ್ತಕವನ್ನೋ ಅಡ್ಡ ಇಡಿ. ಒತ್ತಬೇಡಿ. ನೆಲದಿಂದ ಅದರ ತಳದವರೆಗಿನ ಅಂತರವೇ ಎತ್ತರ. ಅಳತೆ 30.4 ಬಂದರೆ 31 ಎಂದು ಬರೆದುಕೊಳ್ಳಿ. ಕೆಲವರು ಹತ್ತಿರದ ಪೂರ್ಣ ಸಂಖ್ಯೆಗೆ ತರುತ್ತಾರೆ, ಕೆಲವರು ಎಷ್ಟೇ ಚೂರಿದ್ದರೂ ಮೇಲಕ್ಕೆ ಏರಿಸುತ್ತಾರೆ; ಮೇಲಕ್ಕೆ ಹಿಡಿದುಕೊಂಡರೆ ಬಿಲ್ ಬಂದಾಗ ಮುಖ ಸಣ್ಣದಾಗುವುದಿಲ್ಲ.

ಪೆಟ್ಟಿಗೆಯಲ್ಲದ ಆಕಾರಗಳಿಗೂ ಪೆಟ್ಟಿಗೆಯದೇ ಲೆಕ್ಕ. ಭಿತ್ತಿಪತ್ರ ಸುತ್ತಿದ ಕೊಳವೆಯ ವ್ಯಾಸ 10 ಸೆಂ.ಮೀ. ಇದ್ದರೆ ಅದು 10 × 10 ಚೌಕದ ಪೆಟ್ಟಿಗೆಯೆಂದೇ ಅಳತೆಯಾಗುತ್ತದೆ. ಮೂಟೆಯ ಕಟ್ಟಿದ ಬಾಯಿ ಎದ್ದು ನಿಂತಿದ್ದರೆ ಅದೂ ಉದ್ದಕ್ಕೆ ಸೇರುತ್ತದೆ.

## ಹಂತ 2: ಗಾತ್ರದ ತೂಕ ತೆಗೆಯಿರಿ

ಉದ್ದ, ಅಗಲ, ಎತ್ತರಗಳನ್ನು ಗುಣಿಸಿ, ರೇಟ್ ಕಾರ್ಡ್‌ನಲ್ಲಿರುವ ಸಂಖ್ಯೆಯಿಂದ ಭಾಗಿಸಿ. ಎಕ್ಸ್‌ಪ್ರೆಸ್ ಕೊರಿಯರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಖ್ಯೆ 5000. ವಿಮಾನ ಸರಕು ಸಾಗಣೆಯಲ್ಲಿ 6000 ರೂಢಿ.

56 × 30 × 31 = 52,080 ಘನ ಸೆಂ.ಮೀ. ಇದನ್ನು 5000ದಿಂದ ಭಾಗಿಸಿದರೆ 10.416 ಕೆ.ಜಿ.

5000 ಎಂಬ ಸಂಖ್ಯೆಯ ಅರ್ಥ ಇಷ್ಟೇ: 5000 ಘನ ಸೆಂ.ಮೀ. ಜಾಗ ಹಿಡಿಯುವ ವಸ್ತು ಕನಿಷ್ಠ ಒಂದು ಕೆ.ಜಿ. ತೂಗಬೇಕೆಂದು ಅವರು ಎಣಿಸಿಕೊಂಡಿದ್ದಾರೆ. ಅಷ್ಟು ತೂಗದಿದ್ದರೆ ನೀವು ಕೊಡುವ ಹಣ ಭಾರಕ್ಕಲ್ಲ, ಜಾಗಕ್ಕೆ. ನಮ್ಮ ಪೆಟ್ಟಿಗೆಯಲ್ಲಿ 5000 ಘನ ಸೆಂ.ಮೀ.ಗೆ ಬರುವುದು ಸುಮಾರು 440 ಗ್ರಾಂ ಮಾತ್ರ. ಹಾಳೆ ತಟ್ಟೆ, ದಿಂಬು, ಮಂಡಕ್ಕಿ, ಲ್ಯಾಂಪ್ ಶೇಡ್, ಬೊಂಬೆ ಇವೆಲ್ಲ ಈ ಗುಂಪಿನವು.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತದೆ. ಒಂದು, ಇಂಚಿನಲ್ಲಿ ಅಳೆದು 5000ದಿಂದ ಭಾಗಿಸುವುದು. ಉತ್ತರ ಅರ್ಧ ಕೆ.ಜಿ.ಯ ಆಸುಪಾಸಿನಲ್ಲಿ ಬಂದು, ಗಾತ್ರದ ತೂಕದ ಚಿಂತೆಯೇ ಇಲ್ಲ ಅನ್ನಿಸುತ್ತದೆ. ಇಂಚಿನಲ್ಲೇ ಅಳೆಯುವುದಾದರೆ 5000ದ ಬದಲು 305ರಿಂದ ಭಾಗಿಸಿ, ಉತ್ತರ ಕೆ.ಜಿ.ಯಲ್ಲಿ ಬರುತ್ತದೆ. ಅಮೆರಿಕದ ದರಪಟ್ಟಿಗಳಲ್ಲಿ ಕಾಣುವ 139 ಕೂಡ ಇಂಚಿನದೇ, ಆದರೆ ಅದರ ಉತ್ತರ ಪೌಂಡಿನಲ್ಲಿರುತ್ತದೆ. ಅಲ್ಲಿರುವ ಮಕ್ಕಳಿಗೆ ಪಾರ್ಸೆಲ್ ಕಳಿಸುವವರು ಇದನ್ನು ಕೆ.ಜಿ. ಎಂದು ಓದಿ ಗಾಬರಿಯಾಗುವುದುಂಟು.

ಇನ್ನೊಂದು ತಪ್ಪು, ರಸ್ತೆ ಮೂಲಕ ಕಳಿಸಿದರೆ ಗಾತ್ರದ ತೂಕ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಸರ್ಫೇಸ್ ಸಾಗಣೆಯಲ್ಲಿ ಲೆಕ್ಕ ಘನ ಅಡಿಯದು. ಘನ ಸೆಂ.ಮೀ.ಯನ್ನು 27,000ದಿಂದ ಭಾಗಿಸಿ, ಒಂದು ಘನ ಅಡಿಗೆ 6, 8 ಅಥವಾ 10 ಕೆ.ಜಿ. ಎಂದು ಒಪ್ಪಂದದಂತೆ ಗುಣಿಸುತ್ತಾರೆ. ಅಡಿಯನ್ನು 30 ಸೆಂ.ಮೀ. ಎಂದು ಹಿಡಿದಾಗ ಬರುವುದು ಈ 27,000. ನಿಜವಾದ ಘನ ಅಡಿ ಸುಮಾರು 28,317 ಘನ ಸೆಂ.ಮೀ. ಆ ವ್ಯತ್ಯಾಸವೂ ನಿಮ್ಮ ತಲೆಗೇ. ನಮ್ಮ ಪೆಟ್ಟಿಗೆ 1.93 ಘನ ಅಡಿ. ಹತ್ತರ ಲೆಕ್ಕದಲ್ಲಿ 19.3 ಕೆ.ಜಿ., ಅಂದರೆ ಎಕ್ಸ್‌ಪ್ರೆಸ್‌ನ ಸುಮಾರು ಎರಡರಷ್ಟು. ರಸ್ತೆ ಸಾಗಣೆ ಅಗ್ಗವಾಗುವುದು ಕೆ.ಜಿ. ದರ ಕಡಿಮೆಯಿದ್ದಾಗ, ತೂಕ ಕಡಿಮೆಯಾಗಿ ಅಲ್ಲ. ಹಾಗಾಗಿ ಎರಡರ ಒಟ್ಟು ಮೊತ್ತವನ್ನು ಹೋಲಿಸಿ, ಕೆ.ಜಿ. ದರವನ್ನಲ್ಲ.

## ಹಂತ 3: ಎರಡರಲ್ಲಿ ದೊಡ್ಡದನ್ನು ಆರಿಸಿ

ತಕ್ಕಡಿಯ ತೂಕ 4.6, ಗಾತ್ರದ ತೂಕ 10.416. ದರ ಬೀಳುವುದು ದೊಡ್ಡದಕ್ಕೆ. ಎರಡನ್ನೂ ಕೂಡಿಸುವುದಿಲ್ಲ, ಸರಾಸರಿಯೂ ತೆಗೆಯುವುದಿಲ್ಲ.

ಒಂದೇ ಪೆಟ್ಟಿಗೆಯಾದರೆ ಮಾತು ಇಲ್ಲಿಗೆ ಮುಗಿಯಿತು. ಒಂದೇ ಬಿಲ್‌ನಲ್ಲಿ ಹಲವು ಪೆಟ್ಟಿಗೆ ಹೋಗುತ್ತಿದ್ದರೆ ಹೋಲಿಕೆ ಪೆಟ್ಟಿಗೆಗೊಂದರಂತೆಯೋ ಒಟ್ಟು ರವಾನೆಗೋ ಎಂದು ಕೇಳಲೇಬೇಕು. ಮೊದಲ ಪೆಟ್ಟಿಗೆಯಲ್ಲಿ ಹಿತ್ತಾಳೆ ದೀಪಗಳು: ತಕ್ಕಡಿಯಲ್ಲಿ 10 ಕೆ.ಜಿ., ಗಾತ್ರದಲ್ಲಿ 4. ಎರಡನೆಯದರಲ್ಲಿ ದಿಂಬು: ತಕ್ಕಡಿಯಲ್ಲಿ 2, ಗಾತ್ರದಲ್ಲಿ 9. ಒಟ್ಟು ಹೋಲಿಸಿದರೆ 12ಕ್ಕೆದುರು 13, ಹಾಗಾಗಿ 13 ಕೆ.ಜಿ. ದರ. ಪೆಟ್ಟಿಗೆಗೊಂದರಂತೆ ಹೋಲಿಸಿದರೆ 10 ಮತ್ತು 9 ಸೇರಿ 19 ಕೆ.ಜಿ. ಸಾಮಾನು ಅದೇ, ಊರು ಅದೇ, ಆರು ಕೆ.ಜಿ. ವ್ಯತ್ಯಾಸ.

## ಹಂತ 4: ಸ್ಲ್ಯಾಬ್‌ಗೆ ಏರಿಸಿ

10.416 ಕೆ.ಜಿ.ಗೆ ಯಾರೂ ದರ ಹೇಳುವುದಿಲ್ಲ. ಅರ್ಧ ಕೆ.ಜಿ. ಸ್ಲ್ಯಾಬ್ ಇದ್ದರೆ ಅದು 10.5 ಆಗುತ್ತದೆ. 10.01 ಬಂದಿದ್ದರೂ 10.5 ಆಗುತ್ತಿತ್ತು. ಏರಿಸುವುದು ಯಾವಾಗಲೂ ಮೇಲಕ್ಕೇ.

ಈ ಕೆಲಸ ಹೋಲಿಕೆಯ ನಂತರ, ಒಂದೇ ಸಲ. ಮೊದಲೇ ಗಾತ್ರವನ್ನು ಏರಿಸಿ, ಆಮೇಲೆ ಮತ್ತೆ ಕೆ.ಜಿ.ಗೆ ಏರಿಸಿ 11 ಮಾಡಿಕೊಂಡರೆ ಗಿರಾಕಿಯಿಂದ ಹೆಚ್ಚು ಕೇಳಿ ವ್ಯಾಪಾರ ಕಳೆದುಕೊಳ್ಳುತ್ತೀರಿ. ಅಚ್ಚಾದ ಅಳತೆಯನ್ನು ನಂಬಿದವರು ಇಲ್ಲಿ ಎಲ್ಲಿರುತ್ತಾರೆ ನೋಡಿ: 55 × 29 × 27 ಅಂದರೆ 8.61, ಏರಿಸಿದರೆ 9 ಕೆ.ಜಿ. ಒಂದೂವರೆ ಕೆ.ಜಿ., ಅಂದರೆ ಮೂರು ಸ್ಲ್ಯಾಬ್ ಆಗಲೇ ಕೈತಪ್ಪಿದೆ.

## ಹಂತ 5: ಮೂಲ ದರ

ನಮ್ಮ ಮಾದರಿ ದರಪಟ್ಟಿಯಲ್ಲಿ ಮೊದಲ ಅರ್ಧ ಕೆ.ಜಿ.ಗೆ 60 ರೂಪಾಯಿ, ನಂತರದ ಪ್ರತಿ ಅರ್ಧ ಕೆ.ಜಿ.ಗೆ 45. ಹತ್ತೂವರೆ ಕೆ.ಜಿ.ಯಲ್ಲಿ ಅರ್ಧ ಕೆ.ಜಿ.ಗಳು 21. ಮೊದಲನೆಯದಕ್ಕೆ 60, ಉಳಿದ 20ಕ್ಕೆ 900. ಒಟ್ಟು 960 ರೂಪಾಯಿ.

21ನ್ನೂ 45ರಿಂದ ಗುಣಿಸಿ ಮೇಲೆ 60 ಸೇರಿಸುವುದು ಇಲ್ಲಿನ ಸಾಮಾನ್ಯ ತಪ್ಪು. ಮೊದಲ ಸ್ಲ್ಯಾಬನ್ನು ಎರಡು ಸಲ ಎಣಿಸಿದಂತಾಗುತ್ತದೆ.

## ಹಂತ 6: ಫ್ಯೂಯೆಲ್ ಸರ್‌ಚಾರ್ಜ್

ಇಂಧನದ ಬೆಲೆ ಏರಿಳಿದಂತೆ ಮೂಲ ದರಪಟ್ಟಿಯನ್ನು ತಿದ್ದುವ ಬದಲು ಕೊರಿಯರ್ ಸಂಸ್ಥೆಗಳು ಒಂದು ಶೇಕಡಾವಾರು ಪ್ರಮಾಣವನ್ನು ಮೇಲೆ ಹಾಕುತ್ತವೆ. ಅದನ್ನು ಹಲವರು ತಿಂಗಳಿಗೊಮ್ಮೆ ಬದಲಿಸುತ್ತಾರೆ, ಕೆಲವರು ವಾರಕ್ಕೊಮ್ಮೆ. ನಾವಿಲ್ಲಿ ಶೇ. 25 ಎಂದು ಹಿಡಿಯೋಣ. 960ರ ಶೇ. 25 ಅಂದರೆ 240. ಈಗ ಮೊತ್ತ 1,200.

ಸರ್‌ಚಾರ್ಜ್ ಬೀಳುವುದು ಐದನೇ ಹಂತದ ಮೂಲ ದರದ ಮೇಲೆ, ಆ ದರವೋ ಗಾತ್ರದ ತೂಕದಿಂದ ಬಂದದ್ದು. ಅಂದರೆ ಪೆಟ್ಟಿಗೆ ಊದಿಕೊಂಡಷ್ಟೂ ಇಂಧನದ ಖರ್ಚೂ ಊದಿಕೊಳ್ಳುತ್ತದೆ. ಲಾರಿ ಹೊತ್ತದ್ದು 4.6 ಕೆ.ಜಿ. ತಾನೇ ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ದರದಲ್ಲಿ ನಿಮಗೆ ರಿಯಾಯಿತಿ ಇದ್ದರೆ ಮೊದಲು ಅದನ್ನು ಕಳೆದು, ಉಳಿದದ್ದಕ್ಕೆ ಸರ್‌ಚಾರ್ಜ್ ಹಾಕುತ್ತಾರೋ ಅಥವಾ ಪೂರ್ತಿ ದರಕ್ಕೇ ಹಾಕುತ್ತಾರೋ ಕೇಳಿ. ಪ್ರತಿ ರವಾನೆಯ ಕಾಗದಪತ್ರಕ್ಕೆಂದು ಹಾಕುವ ಡಾಕೆಟ್ ಶುಲ್ಕ, ದೂರದ ಊರಿನ ಹೆಚ್ಚುವರಿ ಶುಲ್ಕ ಇವುಗಳ ಮೇಲೂ ಬೀಳುತ್ತದೆಯೇ ಎಂಬುದನ್ನೂ ಕೇಳಿ. ನಮ್ಮ ಉದಾಹರಣೆಯಲ್ಲಿ ಡಾಕೆಟ್ ಶುಲ್ಕ 40 ರೂಪಾಯಿ, ಅದರ ಮೇಲೆ ಸರ್‌ಚಾರ್ಜ್ ಇಲ್ಲ. ಹಾಗಾಗಿ ಅದನ್ನು ಈಗ, 1,200ರ ನಂತರ ಸೇರಿಸುತ್ತೇವೆ: 1,240.

ಕಳೆದ ತಿಂಗಳ ಶೇಕಡಾವಾರು ಹಿಡಿದು ಈ ತಿಂಗಳ ರವಾನೆಗೆ ದರ ಹೇಳಿಬಿಡುವುದು ಇಲ್ಲಿನ ದೊಡ್ಡ ಎಡವಟ್ಟು. ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಪಾರ್ಸೆಲ್ ಹೊರಟ ದಿನದ ಪ್ರಮಾಣ. ಶೇ. 25 ಇದ್ದದ್ದು 28 ಆದರೆ ಈ ಒಂದು ಪೆಟ್ಟಿಗೆಗೆ ತೆರಿಗೆ ಸೇರಿ 34 ರೂಪಾಯಿ ಹೆಚ್ಚು.

## ಹಂತ 7: ಜಿಎಸ್‌ಟಿ ಕೊನೆಗೆ

ಕೊರಿಯರ್ ಸೇವೆಗೆ ಜಿಎಸ್‌ಟಿ ಶೇ. 18. ಇದು ಸರ್‌ಚಾರ್ಜ್, ಡಾಕೆಟ್ ಎಲ್ಲ ಸೇರಿದ ಮೊತ್ತದ ಮೇಲೆ. 1,240ರ ಶೇ. 18 ಅಂದರೆ 223.20. ಒಟ್ಟು 1,463.20 ರೂಪಾಯಿ.

ಶೇಕಡಾ 25ನ್ನೂ 18ನ್ನೂ ಕೂಡಿಸಿ 43 ಮಾಡಿಕೊಳ್ಳಬೇಡಿ. ಸರ್‌ಚಾರ್ಜ್ ಮೇಲೂ ತೆರಿಗೆ ಬೀಳುವುದರಿಂದ ನಿಜವಾದ ಏರಿಕೆ ಶೇ. 47.5. ಡಾಕೆಟ್ ಬಿಟ್ಟು ನೋಡಿದರೂ 960ರ ಮೇಲೆ 43 ರೂಪಾಯಿ ಕೊರತೆ ಬೀಳುತ್ತದೆ. ನೀವು ಜಿಎಸ್‌ಟಿ ನೋಂದಣಿ ಇದ್ದು ಇನ್‌ಪುಟ್ ಕ್ರೆಡಿಟ್ ಪಡೆಯುವವರಾದರೆ ನಿಮ್ಮ ನಿಜವಾದ ಖರ್ಚು 1,240. ಉಳಿದವರಿಗೆ ಪೂರ್ತಿ 1,463.

ಮೊದಲು ಹೇಳಿದ 733 ಎಲ್ಲಿಂದ ಬಂತೆಂದರೆ, ಇದೇ ಹಂತಗಳನ್ನು 5 ಕೆ.ಜಿ.ಗೆ ಮಾಡಿದಾಗ ಬರುವ ಮೊತ್ತ ಅದು. ಅಚ್ಚಾದ ಅಳತೆ ಹಿಡಿದವರಿಗೆ 1,264 ಬರುತ್ತದೆ. ಮೊದಲನೆಯವರು ಟೇಪನ್ನೇ ಮುಟ್ಟಲಿಲ್ಲ, ಎರಡನೆಯವರು ತುಂಬುವ ಮೊದಲೇ ಅಳತೆ ಓದಿಕೊಂಡರು.

## ಹಂತ 8: ಲೆಕ್ಕವನ್ನು ಹಾಳೆಗೆ ಕೂರಿಸಿ

ವಾರಕ್ಕೆ ನಾಲ್ಕಾರು ಪೆಟ್ಟಿಗೆ ಕಳಿಸುವವರು ಎಕ್ಸೆಲ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ಒಂದು ಸಾಲು ಮಾಡಿಟ್ಟುಕೊಳ್ಳಿ. B2ರಲ್ಲಿ ತಕ್ಕಡಿಯ ತೂಕ, C2, D2, E2ಗಳಲ್ಲಿ ಅಳತೆ ಸೆಂ.ಮೀ.ಯಲ್ಲಿ.

```
F2: =MAX(B2, C2*D2*E2/5000)
G2: =CEILING(F2, 0.5)
H2: =60+(G2/0.5-1)*45
I2: =H2*25%
J2: =(H2+I2+40)*18%
K2: =H2+I2+40+J2
```

4.6, 56, 30, 31 ಹಾಕಿದಾಗ K2ರಲ್ಲಿ 1463.2 ಬರಬೇಕು. ಬರದಿದ್ದರೆ ಯಾವುದೋ ಸೂತ್ರ ತಪ್ಪಾಗಿ ಕೂತಿದೆ. ಇಲ್ಲಿ 25% ಎಂಬುದನ್ನು ಪ್ರತಿ ತಿಂಗಳು ತಿದ್ದಬೇಕು. ಹಳೆಯ ಸಾಲುಗಳನ್ನು ಮುಟ್ಟದೆ ಹೊಸ ಸಾಲುಗಳಲ್ಲಿ ಮಾತ್ರ ತಿದ್ದಿ, ಇಲ್ಲವಾದರೆ ಹಳೆಯ ಬಿಲ್ ತಾಳೆ ನೋಡಲು ಆಗುವುದಿಲ್ಲ.

## ಹಂತ 9: ಪೆಟ್ಟಿಗೆಯನ್ನು ಇಳಿಸಿ, ಆದರೆ ಸರಿಯಾದ ಬದಿಯಿಂದ

ಒಂದು ಸೆಂ.ಮೀ. ಇಳಿಸುವುದು ಎಲ್ಲ ಬದಿಗೂ ಒಂದೇ ಅಲ್ಲ. ನಮ್ಮ ಪೆಟ್ಟಿಗೆಯ 56 ಸೆಂ.ಮೀ. ಉದ್ದದಲ್ಲಿ ಒಂದು ಸೆಂ.ಮೀ. ತೆಗೆದರೆ ಉಳಿಯುವುದು 186 ಗ್ರಾಂ. 31 ಸೆಂ.ಮೀ. ಎತ್ತರದಲ್ಲಿ ಅದೇ ಒಂದು ಸೆಂ.ಮೀ. ತೆಗೆದರೆ 336 ಗ್ರಾಂ. ಚಿಕ್ಕ ಬದಿಯನ್ನು ಕತ್ತರಿಸಿದಷ್ಟು ಲಾಭ. ಹೊಟ್ಟೆ ಬಂದ ಮುಚ್ಚಳ ಇಷ್ಟು ದುಬಾರಿಯಾಗುವುದೂ ಇದರಿಂದಲೇ.

ಸಾಲಿಗೆ ಐದು ತಟ್ಟೆ ಕಡಿಮೆ ಮಾಡಿ 190 ತಟ್ಟೆ ತುಂಬಿ, ಮುಚ್ಚಳ ಸಮತಟ್ಟಾಗಿ ಕೂತು ಹೊರ ಎತ್ತರ 28ಕ್ಕೆ ಬಂತೆನ್ನಿ. ಗಾತ್ರದ ತೂಕ 9.408, ಸ್ಲ್ಯಾಬ್ 9.5, ಒಟ್ಟು 1,330 ರೂಪಾಯಿ. ಮೊದಲು ತಟ್ಟೆಗೆ ಸಾಗಣೆ ಖರ್ಚು 7.32 ರೂಪಾಯಿ ಬೀಳುತ್ತಿತ್ತು, ಈಗ 7.00. ಸಾಲುಗಳನ್ನು ದಾರದಿಂದ ಬಿಗಿದು ಕಟ್ಟಿ ಅದೇ 28ರಲ್ಲಿ 200 ತಟ್ಟೆಯನ್ನೂ ಕೂರಿಸಬಹುದಾದರೆ ಇನ್ನೂ ಒಳ್ಳೆಯದು.

ತೂಕ ಉಳಿಸಲೆಂದು ತೆಳು ರಟ್ಟು ಹಾಕುವುದು ಇಲ್ಲಿ ತಿರುಗುಬಾಣ. ತಕ್ಕಡಿಯ ತೂಕ ಲೆಕ್ಕಕ್ಕೇ ಬರುತ್ತಿಲ್ಲವಾದ್ದರಿಂದ ಉಳಿಸಿದ ಗ್ರಾಂಗೆ ಬೆಲೆಯಿಲ್ಲ. ತೆಳು ರಟ್ಟು ಉಬ್ಬುವುದಕ್ಕೆ ಮಾತ್ರ ಬೆಲೆಯಿದೆ. ಗಟ್ಟಿ ಪೆಟ್ಟಿಗೆಯ ಹೆಚ್ಚುವರಿ ತೂಕ ನಿಮಗೆ ಪುಕ್ಕಟೆ. ಹಾಗೆಯೇ ಪೆಟ್ಟಿಗೆಯನ್ನು ಎರಡಾಗಿ ಒಡೆದು ಬೇರೆ ಬೇರೆ ಬಿಲ್‌ನಲ್ಲಿ ಕಳಿಸುವುದೂ ವ್ಯರ್ಥ. ಗಾತ್ರ ಒಟ್ಟಿನಲ್ಲಿ ಅಷ್ಟೇ ಇರುತ್ತದೆ, ಮೊದಲ ಸ್ಲ್ಯಾಬ್‌ನ ದುಬಾರಿ ದರ ಮತ್ತು ಡಾಕೆಟ್ ಶುಲ್ಕ ಎರಡೆರಡು ಸಲ ಬೀಳುತ್ತವೆ.

## ಹಂತ 10: ಬಿಲ್ ಬಂದಾಗ ಹಿಂದಿನಿಂದ ಲೆಕ್ಕ ಹಾಕಿ

ಕೌಂಟರ್‌ನಲ್ಲಿ ತಕ್ಕಡಿ ಮಾತ್ರ ನೋಡಿ, ಅಳತೆ ಬರೆದುಕೊಳ್ಳದೆ ರಸೀದಿ ಕೊಟ್ಟರೆ ಅದೇ ಮೊದಲ ಎಚ್ಚರಿಕೆ. ಹಬ್‌ನಲ್ಲಿ ಮತ್ತೆ ಅಳೆದಾಗ ವ್ಯತ್ಯಾಸದ ಹಣ ಆಮೇಲೆ ಕಡಿತವಾಗುತ್ತದೆ. ಪೆಟ್ಟಿಗೆ ಕೊಡುವ ಮುನ್ನ ಮೂರು ಬದಿಗೂ ಟೇಪು ಹಿಡಿದು, ಅಂಕಿಯೂ ಪೆಟ್ಟಿಗೆಗೆ ಅಂಟಿಸಿದ ಏರ್‌ವೇ ಬಿಲ್‌ನ ಸಂಖ್ಯೆಯೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಫೋಟೊ ತೆಗೆದಿಡಿ. ಬಿಲ್ ಸಂಖ್ಯೆ ಕಾಣದ ಫೋಟೊ ಯಾವ ಪೆಟ್ಟಿಗೆಯದೂ ಆಗಬಹುದು, ಅದನ್ನು ಒಪ್ಪುವುದಿಲ್ಲ. ಆನ್‌ಲೈನ್ ಮಾರಾಟಗಾರರಿಗೆ ತೂಕದ ತಕರಾರು ಎತ್ತಲು ಸಿಗುವುದು ಕೆಲವೇ ದಿನ. ತಿಂಗಳ ಕೊನೆಗೆ ನೋಡೋಣವೆಂದು ಬಿಟ್ಟರೆ ಗಡುವು ದಾಟಿರುತ್ತದೆ.

ಬಿಲ್‌ನಲ್ಲಿ ಮೊದಲು ಚಾರ್ಜ್ಡ್ ವೇಟ್, ಅಂದರೆ ದರ ಹಾಕಿದ ತೂಕ ನೋಡಿ. 10.5ರ ಬದಲು 11 ಇದ್ದರೆ ಎಲ್ಲೋ ಒಂದು ಸೆಂ.ಮೀ. ಹೆಚ್ಚು ಓದಿದ್ದಾರೆ. ನಮ್ಮ ಪೆಟ್ಟಿಗೆಯಲ್ಲಿ ಎತ್ತರ 32 ಎಂದು ಓದಿದರೆ 10.752 ಬಂದು ಸ್ಲ್ಯಾಬ್ ಹಾರುತ್ತದೆ. ಅಂಚಿನಲ್ಲಿರುವ ಪೆಟ್ಟಿಗೆಗಳಿಗೆ ಇದು ಹೆಚ್ಚು.

ಆಮೇಲೆ ಫ್ಯೂಯೆಲ್ ಮೊತ್ತವನ್ನು ಮೂಲ ದರದಿಂದ ಭಾಗಿಸಿ ನೂರರಿಂದ ಗುಣಿಸಿ. 240 ಭಾಗಿಸು 960 ಅಂದರೆ 25, ಸರಿ. ಬಿಲ್‌ನಲ್ಲಿ 250 ಇದ್ದರೆ 26.04 ಎಂಬ ಅಡ್ಡಾದಿಡ್ಡಿ ಅಂಕಿ ಬರುತ್ತದೆ. ಘೋಷಿಸಿದ ಪ್ರಮಾಣಕ್ಕೆ ಹೊಂದದ ಇಂಥ ಅಂಕಿ ಬಂದಾಗ ಡಾಕೆಟ್ ಸೇರಿಸಿ ನೋಡಿ: 250 ಭಾಗಿಸು 1,000, ಕರಾರುವಾಕ್ಕಾಗಿ 25. ಡಾಕೆಟ್ ಮೇಲೂ ಸರ್‌ಚಾರ್ಜ್ ಹಾಕಿದ್ದಾರೆ. ನಿಮ್ಮ ಕೈಯಲ್ಲಿರುವ ಬರವಣಿಗೆಯಲ್ಲಿ ಅದು ಇಲ್ಲವೆಂದಾದರೆ ಆ ಹತ್ತು ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಸೇರಿ 11.80 ವಾಪಸು ಕೇಳಬಹುದು. ತಿಂಗಳಿಗೆ ಮುನ್ನೂರು ಪೆಟ್ಟಿಗೆ ಕಳಿಸುವವರಿಗೆ ಅದು 3,540 ರೂಪಾಯಿ.

ಗಿರಾಕಿ ತೆಗೆದುಕೊಳ್ಳದೆ ಪೆಟ್ಟಿಗೆ ಮರಳಿ ಬಂದರೆ ಆ ಸಾಲನ್ನು ಬೇರೆಯಾಗಿ ತಾಳೆ ನೋಡಿ. ಹೋಗುವಾಗ 10.5 ಇದ್ದದ್ದು ದಾರಿಯಲ್ಲಿ ಜಜ್ಜಿ ಇನ್ನಷ್ಟು ಉಬ್ಬಿ, ಬರುವಾಗ 11.5 ಎಂದು ದಾಖಲಾಗಿರುವುದುಂಟು. ಹೊರಡುವ ಮುನ್ನ ತೆಗೆದ ಅದೇ ಫೋಟೊವನ್ನು ಈ ತಕರಾರಿಗೂ ಹಾಕಿ.